ಪ್ರಾಯೋಜಕತ್ವಕ್ಕೆ ಒಪ್ಪುವ ಮುನ್ನ ಒಂದು ಭಾಗಾಕಾರ
ಶಾಲಾ ವಾರ್ಷಿಕೋತ್ಸವಕ್ಕೋ ದೇವಸ್ಥಾನದ ರಾಮನವಮಿಗೋ ಪ್ರಾಯೋಜಕರಾಗುವ ಮುನ್ನ, ಕೇಳಿದ ಮೊತ್ತವನ್ನು ಒಬ್ಬ ಹೊಸ ಗ್ರಾಹಕರಿಂದ ವರ್ಷಕ್ಕೆ ಸಿಗುವ ಲಾಭದಿಂದ ಭಾಗಿಸಿ. ಮಾರಾಟದ ಮೊತ್ತದಿಂದಲ್ಲ, ಲಾಭದಿಂದ. ಎಲ್ಲರೂ ಎಡವುವುದು ಇಲ್ಲಿಯೇ. ಬಸವನಗುಡಿಯ ಒಂದು ಬೇಕರಿ 15,000 ರೂಪಾಯಿ ಕೊಡಬೇಕು, ಹೊಸ ಗ್ರಾಹಕರೊಬ್ಬರಿಂದ ವರ್ಷಕ್ಕೆ 300 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ: 50 ಹೊಸ ಗ್ರಾಹಕರು ಬಂದರಷ್ಟೇ ಹಣ ವಾಪಸ್. ಬರುವ ಜನರಲ್ಲಿ ಅಂಗಡಿಗೆ ನಡೆದು ಬರಬಲ್ಲವರು ಎಷ್ಟು ಎಂದು ಆಮೇಲೆ ನೋಡಿ. ಪಾನಕ, ಕೋಸಂಬರಿಗೆ ನಿಲ್ಲುವವರು ಹೆಚ್ಚಾಗಿ ಅಕ್ಕಪಕ್ಕದ ಬೀದಿಯವರು. ಶಾಲೆಯ ಪೋಷಕರು ದೂರದ ಬಡಾವಣೆಗಳಿಂದಲೂ ಬರುತ್ತಾರೆ. ಬಂದವರನ್ನು ಎಣಿಸಲು ಬ್ಯಾನರ್ ಸಾಲದು, ಅಲ್ಲಿ ಮಾತ್ರ ಹಂಚುವ ರಿಯಾಯಿತಿ ಚೀಟಿ ಬೇಕು. ಪೀಠೋಪಕರಣದಂತೆ ಅಪರೂಪಕ್ಕೆ ಕೊಳ್ಳುವ ವಸ್ತುಗಳಿಗೆ ಈ ಎಣಿಕೆ ಹೊಂದುವುದಿಲ್ಲ; ಚೀಟಿ ಕಳೆದುಹೋದ ಮೇಲೆ ಗ್ರಾಹಕರು ಬರುತ್ತಾರೆ. ಭಕ್ತಿಯಿಂದ ಕೊಡುವುದಾದರೆ ಅದನ್ನು ಪ್ರಚಾರದ ಲೆಕ್ಕಕ್ಕೆ ಸೇರಿಸಲೇಬೇಡಿ.