ಪಟಿಕ ಹಿಡಿಯದ ನೀರಿಗೆ ಚಿಪ್ಪಿನ ಸುಣ್ಣ: ನನ್ನ ಅನುಭವ

ಹಿರಿಯಡಕದ ಹತ್ತಿರದ ನಮ್ಮ ಗುಡ್ಡದಲ್ಲಿ ಎಪ್ಪತ್ತು ಮನೆಗಳಿವೆ. ನೀರು ಬರುವುದು ತೋಡಿನ ಬದಿಯ ಬಾವಿಯಿಂದ. ಬೇಸಿಗೆಯಲ್ಲಿ ಕನ್ನಡಿ ಹಾಗಿರುವ ನೀರು ಜೂನ್ ಎರಡನೇ ವಾರಕ್ಕೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಆಟಿಯಲ್ಲಿ ಕೇಳುವುದೇ ಬೇಡ, ಬಕೆಟಿನ ತಳದಲ್ಲಿ ಬೆರಳು ಆಡಿಸಿದರೆ ಕೆಂಪು ಮಣ್ಣು ಅಂಟುತ್ತದೆ. ಮರಳಿನ ಫಿಲ್ಟರ್ ಇದೆ. ಮಳೆಗಾಲದಲ್ಲಿ ಅದು ಅರ್ಧ ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು. ಫಿಲ್ಟರ್ ಕೊಟ್ಟ ಕಂಪನಿಯವರನ್ನು ಕೇಳಿದರೆ ಹೊಸ ಪ್ಲಾಂಟ್ ಹಾಕಿ ಎಂದರು. ನಾಲ್ಕು ಲಕ್ಷದ ಮೇಲೆ. ನಾನು ಪಟಿಕ ಹಾಕಿ ನೋಡುವ ಎಂದೆ. ನೀರಿನ ಸಮಿತಿಯ ಹಿರಿಯರೊಬ್ಬರು, "ಪಟಿಕ ಹಾಕುವುದು ಬಯಲುಸೀಮೆಯ ಕೆರೆ ನೀರಿಗೆ ಮಾರಾಯ್ರೇ, ನಮ್ಮ ಮುರಕಲ್ಲಿನ ನೀರಿಗೆ ಅದು ಹಿಡಿಯುವುದಿಲ್ಲ" ಎಂದರು.

ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಆ ಅರ್ಧ ಯಾವುದು ಎಂದು ಗೊತ್ತಾಗಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೆ ಮಾಡಿದೆ. ಸಾಲಾಗಿ ಆರು ಒಂದು ಲೀಟರಿನ ಬಾಟಲಿ, ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರಿಗೆ ಕರಗಿಸಿದ ದ್ರಾವಣ, ಒಂದು ಸಿರಿಂಜ್. ಒಂದು ಎಂಎಲ್ ಹಾಕಿದರೆ ಲೀಟರಿಗೆ ಹತ್ತು ಮಿಲಿಗ್ರಾಂ, ಲೆಕ್ಕ ಸುಲಭ. ಎರಡರಿಂದ ಶುರು ಮಾಡಿ ಏಳು ಎಂಎಲ್‌ವರೆಗೆ ಹೋದೆ. ಎರಡು, ಮೂರರಲ್ಲಿ ಏನೂ ಇಲ್ಲ. ನಾಲ್ಕರಲ್ಲಿ ಸಣ್ಣ ಚುಕ್ಕೆಗಳು ಕಂಡವು, ಆದರೆ ಕೆಳಗೆ ಇಳಿಯಲಿಲ್ಲ. ಜಾಸ್ತಿ ಹಾಕಿದರೆ ಇಳಿಯಬಹುದು ಎಂದುಕೊಂಡರೆ ಉಲ್ಟಾ ಆಯಿತು. ಆರು, ಏಳರಲ್ಲಿ ಆ ಚುಕ್ಕೆಗಳೂ ಮಾಯ. ನಾಲಿಗೆಗೆ ತಾಗಿಸಿ ನೋಡಿದೆ, ಹುಳಿ ಮತ್ತು ಒಗರು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ದ್ರಾವಣದ ಹನಿ ಬಿಟ್ಟೆ. ಬಾವಿಯ ನೀರು ಆರೂ ಕಾಲರ ಹತ್ತಿರ ಇತ್ತು. ಏಳು ಎಂಎಲ್ ಹಾಕಿದ ಬಾಟಲಿ ಐದಕ್ಕಿಂತ ಕೆಳಗೆ ಹೋಗಿತ್ತು.

ಲ್ಯಾಬಿನ ಹಳೆಯ ರಿಪೋರ್ಟ್ ತೆಗೆದು ನೋಡಿದಾಗ ವಿಷಯ ಹೊಳೆಯಿತು. ಮಳೆಗಾಲದ ನಮ್ಮ ನೀರಿನ ಕ್ಷಾರತೆ, ಎಂದರೆ ಹುಳಿಯನ್ನು ತಡೆದುಕೊಳ್ಳುವ ಗುಣ, ಲೀಟರಿಗೆ ಹದಿನೈದು ಮಿಲಿಗ್ರಾಂ ಮಾತ್ರ. ಪಟಿಕಕ್ಕೆ ತನ್ನ ತೂಕದ ಅರ್ಧದಷ್ಟು ಕ್ಷಾರತೆ ಬೇಕು. ನಲವತ್ತು ಮಿಲಿಗ್ರಾಂ ಪಟಿಕ ಹಾಕಿದರೆ ಇಪ್ಪತ್ತು ತಿನ್ನುತ್ತದೆ. ನಮ್ಮಲ್ಲಿ ಇರುವುದೇ ಹದಿನೈದು. ಅದು ಮುಗಿದ ಮೇಲೆ ಹಾಕಿದ ಪಟಿಕ ನೀರನ್ನು ಹುಳಿ ಮಾಡುವುದು ಬಿಟ್ಟರೆ ಗಡ್ಡೆ ಕಟ್ಟುವುದಿಲ್ಲ. ಬಯಲುಸೀಮೆಯ ಗಡಸು ನೀರಿನವರಿಗೆ ಈ ತಲೆಬಿಸಿಯೇ ಇಲ್ಲ.

ಸರಿ, ಸುಣ್ಣ ಹಾಕುವ. ಇಲ್ಲಿ ಎರಡನೇ ಪೆಟ್ಟು ತಿಂದೆ. ಹುಳಿಯಾದ ನೀರನ್ನು ಕೊನೆಗೆ ಸರಿ ಮಾಡಿದರೆ ಸಾಕು ಎಂದು ಫಿಲ್ಟರ್ ದಾಟಿದ ಮೇಲೆ, ಮೇಲಿನ ಟ್ಯಾಂಕಿಗೆ ಸುಣ್ಣದ ತಿಳಿ ಬಿಟ್ಟೆ. ಮರುದಿನ ಬೆಳಿಗ್ಗೆ ಏಳೆಂಟು ಮನೆಯಿಂದ ಫೋನ್. ನಲ್ಲಿಯಲ್ಲಿ ಬಿಳಿ ಹತ್ತಿಯಂಥದ್ದು ಬರುತ್ತಿದೆ, ಕ್ಯಾಂಡಲ್ ಫಿಲ್ಟರ್ ಕಟ್ಟಿದೆ. ಹುಳಿ ನೀರಿನಲ್ಲಿ ಕರಗಿಕೊಂಡೇ ಫಿಲ್ಟರ್ ದಾಟಿದ್ದ ಅಲ್ಯೂಮಿನಿಯಂ ಸುಣ್ಣ ಸಿಕ್ಕಿದ ಕೂಡಲೇ ಟ್ಯಾಂಕಿನಲ್ಲಿ, ಪೈಪಿನಲ್ಲಿ ಗಡ್ಡೆ ಕಟ್ಟಿತ್ತು. ಟ್ಯಾಂಕ್ ತೊಳೆಸಿದ ಕೂಲಿ, ಎರಡು ದಿನ ತರಿಸಿದ ಟ್ಯಾಂಕರ್ ನೀರು ಸೇರಿ ಆರು ಸಾವಿರದ ಹತ್ತಿರ ಹೋಯಿತು. ಆ ವಾರದ ಸಮಿತಿ ಮೀಟಿಂಗಿಗೆ ನಾನು ಹೋಗಲಿಲ್ಲ.

ಎರಡನೇ ವರ್ಷ ಕ್ರಮ ತಿರುಗಿಸಿದೆ. ಮೊದಲು ಸುಣ್ಣ, ಆಮೇಲೆ ಪಟಿಕ. ಪೇಟೆಯ ಸುಣ್ಣದ ಪುಡಿಗಿಂತ ನಮ್ಮ ಕರಾವಳಿಯ ಚಿಪ್ಪಿನ ಸುಣ್ಣ ನನಗೆ ಒಗ್ಗಿತು, ಕಲ್ಲು ಕಸ ಕಡಿಮೆ. ಮತ್ತೆ ಆರು ಬಾಟಲಿ ಇಟ್ಟೆ. ಎಲ್ಲದಕ್ಕೂ ನಾಲ್ಕು ಎಂಎಲ್ ಪಟಿಕ, ಅದೇ ಹದದಲ್ಲಿ ಕಲಸಿದ ಸುಣ್ಣ ಮಾತ್ರ ಅರ್ಧ ಎಂಎಲ್‌ನಿಂದ ಮೂರರವರೆಗೆ. ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಆಮೇಲೆ ಹದಿನೈದು ನಿಮಿಷ ಬಾಟಲಿಯನ್ನು ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ. ಒಂದೂವರೆ ಎಂಎಲ್‌ನ ಬಾಟಲಿಯಲ್ಲಿ ಐದನೇ ನಿಮಿಷಕ್ಕೆ ನೀರು ಒಡೆದ ಹಾಲಿನ ಹಾಗಾಯಿತು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ಒಂದು ಬೆರಳು ಕೆಂಪು, ಮೇಲೆ ತಿಳಿ. ಬಾಟಲಿಯ ಹಿಂದೆ ಪೇಪರ್ ಹಿಡಿದು ಸಣ್ಣ ಅಕ್ಷರ ಓದಿದೆ. ಪಿಎಚ್ ಆರೂ ಮುಕ್ಕಾಲು. ಹೆಂಡತಿಯನ್ನು ಕರೆದು ತೋರಿಸಿದೆ. "ಅಡಿಗೆಮನೆಯಲ್ಲಿ ಇಡಬೇಡಿ" ಎಂದಳು.

ಟ್ಯಾಂಕಿನ ಲೆಕ್ಕ ಬಾಟಲಿಯದ್ದೇ. ನಮ್ಮ ಇಳಿ ಟ್ಯಾಂಕ್, ಎಂದರೆ ಫಿಲ್ಟರಿಗೆ ಮೊದಲು ಮಣ್ಣು ತಳಕ್ಕೆ ಇಳಿಯುವ ಟ್ಯಾಂಕ್, ಇಪ್ಪತ್ತೈದು ಸಾವಿರ ಲೀಟರಿನದ್ದು. ಪಟಿಕ ಒಂದು ಕಿಲೋ, ಸುಣ್ಣ ಮುನ್ನೂರ ಎಪ್ಪತ್ತೈದು ಗ್ರಾಂ. ಬಾಟಲಿಯಲ್ಲಿ ಕೈ ತೂಗುವ ಕೆಲಸವನ್ನು ಟ್ಯಾಂಕಿನಲ್ಲಿ ಯಾರು ಮಾಡುವುದು? ನೀರು ಒಳಗೆ ಬೀಳುವ ಪೈಪಿಗೆ ಒಂದು ಎಲ್ಬೋ ಹಾಕಿ ಬಾಯಿಯನ್ನು ಗೋಡೆಯ ಉದ್ದಕ್ಕೆ ತಿರುಗಿಸಿದೆ. ಪಂಪ್ ಓಡುವಷ್ಟು ಹೊತ್ತು ಟ್ಯಾಂಕಿನ ನೀರೆಲ್ಲ ಸುಮ್ನೆ ಸುತ್ತುತ್ತಾ ಇರುತ್ತದೆ. ಎಲ್ಬೋದ ಖರ್ಚು ನೂರೈವತ್ತು ರೂಪಾಯಿ! ಸುಣ್ಣದ ತಿಳಿ ಬಾವಿಯ ಹತ್ತಿರವೇ ಪೈಪಿಗೆ ಸೇರುತ್ತದೆ, ಪಟಿಕ ಸೇರುವುದು ಅದಕ್ಕಿಂತ ಮುಂದೆ. ಎಷ್ಟು ಮುಂದೆ ಎನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ನಾನು ಮೂರು ಸಲ ಪೈಪ್ ಕೊಯ್ದಿದ್ದೇನೆ, ನೀವೂ ಒಂದು ಸಲ ಕೊಯ್ಯಿರಿ. ಪಂಪ್ ನಿಂತ ಮೇಲೆ ನಾಲ್ಕು ಗಂಟೆ ಮುಟ್ಟುವುದಿಲ್ಲ. ನೀರು ಎಳೆಯುವ ಪೈಪಿನ ಬಾಯಿಯನ್ನು ಖಾಲಿ ಎಣ್ಣೆ ಕ್ಯಾನಿಗೆ ಕಟ್ಟಿ ತೇಲಿಸಿದ್ದೇನೆ. ಯಾವಾಗಲೂ ಮೇಲಿನ ತಿಳಿಯೇ ಬರುತ್ತದೆ. ಫಿಲ್ಟರ್ ಈಗ ಮೂರು ದಿನ ತಡೆಯುತ್ತದೆ.

ನಡುವೆ ನುಗ್ಗೆ ಬೀಜವನ್ನೂ ನೋಡಿದೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಸುಳ್ಳಲ್ಲ, ಸಿಪ್ಪೆ ತೆಗೆದು ಅರೆದು ಸೋಸಿ ಹಾಕಿದರೆ ಗಡ್ಡೆ ಕಟ್ಟುತ್ತದೆ, ನೀರು ಹುಳಿಯೂ ಆಗುವುದಿಲ್ಲ. ಆದರೆ ಮೂರನೇ ದಿನಕ್ಕೆ ನೀರಿಗೆ ಹಳಸಿದ ವಾಸನೆ. ಬೀಜದ ಸಾರ ನೀರಿನಲ್ಲೇ ಉಳಿಯುತ್ತದಲ್ಲ, ಅದು ಕ್ಲೋರಿನ್ನನ್ನೂ ತಿನ್ನುತ್ತದೆ. ದಿನದಿನ ಕುಡಿದು ಮುಗಿಸುವ ಕೊಡಪಾನಕ್ಕೆ ಆಗಬಹುದು, ಟ್ಯಾಂಕಿಗೆ ಬೇಡ.

ಇನ್ನು ಬ್ಲೀಚಿಂಗ್. ಮೊದಲೆಲ್ಲ ನಾವು ಕದಡಿದ ನೀರಿಗೇ ಸುರಿಯುತ್ತಿದ್ದೆವು. ಬ್ಲೀಚಿಂಗ್ ಎಷ್ಟು ಬೇಕೆಂದು ತೋರಿಸುವ ಆರು ಕಪ್ಪಿನ ಹಾರಕ್ಸ್ ಕಿಟ್‌ನಲ್ಲಿ ಕದಡಿದ ನೀರು, ತಿಳಿ ನೀರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕದಡಿದ ನೀರಿಗೆ ನೀಲಿ ಬಂದದ್ದು ಐದನೇ ಕಪ್ಪಿನಲ್ಲಿ, ತಿಳಿ ನೀರಿಗೆ ಎರಡನೆಯದರಲ್ಲೇ. ಮೊದಲು ನೀಲಿ ಬಂದ ಕಪ್ಪಿನ ನಂಬರಿನ ಎರಡರಷ್ಟು ಗ್ರಾಂ ಪುಡಿ ಬೇಕು, 455 ಲೀಟರಿಗೆ. ಇಪ್ಪತ್ತೈದು ಸಾವಿರ ಲೀಟರಿಗೆ ಅದು ಸುಮಾರು ಐನೂರೈವತ್ತು ಗ್ರಾಂ ಮತ್ತು ಇನ್ನೂರ ಇಪ್ಪತ್ತು ಗ್ರಾಂ. ಈ ಕಿಟ್‌ನ ಇನ್ನೊಂದು ಗುಣ, ನಿಮ್ಮ ಕೈಯಲ್ಲಿರುವ ಪುಡಿಯಿಂದಲೇ ಪರೀಕ್ಷೆ ಆಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬಾಯಿ ತೆರೆದ ಚೀಲ ಎಷ್ಟು ದಿನ ಬಾಳುತ್ತದೆ? ಕಳೆದ ವರ್ಷದ ಚೀಲದ ಪುಡಿ ಹಾಕಿದಾಗ ಆರು ಕಪ್ಪಿನಲ್ಲೂ ನೀಲಿ ಇಲ್ಲ. ಚೀಲದ ಮೇಲೆ ಶೇಕಡಾ ಮೂವತ್ತನಾಲ್ಕು ಎಂದು ಬರೆದಿತ್ತು. ಒಳಗೆ ಇದ್ದದ್ದು ಹೆಚ್ಚುಕಡಿಮೆ ಸುಣ್ಣ.

ಅದೇ ಸತ್ತ ಪುಡಿ ಒಂದು ಅನಾಹುತಕ್ಕೂ ದಾರಿಯಾಯಿತು. ಪಂಪ್ ನೋಡಿಕೊಳ್ಳುವ ಹುಡುಗನಿಗೆ ಆ ಪುಡಿಯನ್ನು ಕಿಲೋಗಟ್ಟಲೆ ಹಾಕಿ ಅಭ್ಯಾಸವಾಗಿತ್ತು. ಹೊಸ ಚೀಲ ತಂದ ದಿನ ನಾನು ಊರಲ್ಲಿ ಇರಲಿಲ್ಲ. ಅವನು ಒಂದು ಕಿಲೋ ಹಾಕಿ, ಅರ್ಧ ಗಂಟೆ ಬಿಟ್ಟು ಡಿಪಿಡಿ ಮಾತ್ರೆ ಹಾಕಿ ನೋಡಿದ. ಗುಲಾಬಿ ಬಣ್ಣ ಬರಲೇ ಇಲ್ಲ. ಕ್ಲೋರಿನ್ ಇಲ್ಲ ಎಂದು ಇನ್ನೂ ಅರ್ಧ ಕಿಲೋ ಹಾಕಿದ. ಸಂಜೆ ನಾನು ಬರುವಾಗ ಗುಡ್ಡ ಹತ್ತುವಲ್ಲೇ ಮೂಗಿಗೆ ಬಡಿಯಿತು, ಯಾರದ್ದೋ ಅಂಗಳದಲ್ಲಿ ನಲ್ಲಿ ತೆರೆದಿತ್ತು. "ಅಣ್ಣ, ಮಾತ್ರೆ ಹಾಳಾಗಿದೆ" ಎಂದ. ಮಾತ್ರೆ ಸರಿಯೇ ಇತ್ತು. ಕ್ಲೋರಿನ್ ಅತಿಯಾದರೆ ಡಿಪಿಡಿಯ ಗುಲಾಬಿಯನ್ನು ಅದೇ ಬ್ಲೀಚ್ ಮಾಡಿಬಿಡುತ್ತದೆ. ಟ್ಯೂಬಿನ ಮೇಲೆ ಕಣ್ಣಿಟ್ಟು ನೋಡಿದರೆ ಮಾತ್ರೆಯ ಸುತ್ತ ಒಂದು ಕ್ಷಣ ಗುಲಾಬಿ ಮಿಂಚಿ ಹೋಗುವುದು ಕಾಣುತ್ತದೆ. ಸಂಶಯ ಇದ್ದರೆ ಒಂದು ಪಾಲು ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಮಾತ್ರೆ ಹಾಕಬೇಕು. ಬ್ಯಾಟರಿಗೆ ಹಾಕುವ ನೀರು ಸಾಕು. ಬಾವಿ ನೀರು ಸೇರಿಸಬೇಡಿ, ಅದೇ ಕ್ಲೋರಿನ್ ತಿನ್ನುತ್ತದೆ. ಅಂದು ಹಾಗೆ ಮಾಡಿದಾಗ ಲೀಟರಿಗೆ ಒಂದೂವರೆ ಮಿಲಿಗ್ರಾಂ ಕ್ಲೋರಿನ್ನಿನ ಬಣ್ಣ ಬಂತು. ಹತ್ತರಿಂದ ಗುಣಿಸಿದರೆ ಹದಿನೈದು! ಕುಡಿಯುವ ನೀರಿನ ಗರಿಷ್ಠ ಮಿತಿಯೇ ಒಂದು. ಟ್ಯಾಂಕಿನ ನೀರನ್ನು ಅಂಗಳಕ್ಕೆ ಬಿಟ್ಟು ಪೂರ್ತಿ ಖಾಲಿ ಮಾಡಿದೆವು.

ಮೊದಲು ಹಳದಿ ಬಣ್ಣ ಬರುವ ಒಟಿಒ ಹನಿ ಬಳಸುತ್ತಿದ್ದೆವು. ಅಗ್ಗ, ನಿಜ. ಆದರೆ ಕಬ್ಬಿಣ ಇರುವ ನಮ್ಮ ನೀರಿಗೆ ಅದನ್ನು ನಂಬಬೇಡಿ. ಬ್ಲೀಚಿಂಗ್ ಮುಟ್ಟದ ಬಾವಿ ನೀರಿಗೆ ಹನಿ ಬಿಟ್ಟು ನೋಡಿ, ನಮ್ಮಲ್ಲಿ ಅದಕ್ಕೂ ತಿಳಿ ಹಳದಿ ಬಂತು. ಎಷ್ಟು ದಿನ ಆ ಹಳದಿಯನ್ನೇ ಕ್ಲೋರಿನ್ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆವೋ ದೇವರಿಗೇ ಗೊತ್ತು.

ಈಗ ಬೆಳಿಗ್ಗೆ ಐದೂವರೆಗೆ ಬ್ಲೀಚಿಂಗಿನ ತಿಳಿ ಮೇಲಿನ ಟ್ಯಾಂಕಿಗೆ ಬೀಳುತ್ತದೆ, ಗಸಿ ಹೊರಗೇ ಉಳಿಯುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಬಿಟ್ಟು ಆರೂ ಕಾಲಕ್ಕೆ ವಾಲ್ವ್ ತೆರೆಯುವುದು. ಪರೀಕ್ಷೆ ಟ್ಯಾಂಕಿನಲ್ಲಿ ಅಲ್ಲ, ಗುಡ್ಡದ ಕೆಳಗಿನ ಕೊನೆಯ ಮನೆಯ ನಲ್ಲಿಯಲ್ಲಿ. ಎರಡು ನಿಮಿಷ ನೀರು ಬಿಟ್ಟು, ಟ್ಯೂಬನ್ನು ಅದೇ ನೀರಿನಲ್ಲಿ ತೊಳೆದು, ಮಾತ್ರೆ ಹಾಕಿ ಒಂದು ನಿಮಿಷದ ಒಳಗೆ ಬಣ್ಣ ನೋಡಿಬಿಡಬೇಕು. ತಡ ಮಾಡಿದರೆ ನೀರಿನ ಕೊಳೆಯ ಜೊತೆ ಸೇರಿಕೊಂಡ ಕ್ಲೋರಿನ್ ಕೂಡ ಬಣ್ಣ ಕೊಡಲು ಶುರು ಮಾಡುತ್ತದೆ. ಅಲ್ಲಿ 0.2 ಸಿಕ್ಕಿದರೆ ಸಾಕು. ಟ್ಯಾಂಕಿನ ಹತ್ತಿರ 0.5 ಇದ್ದರೆ ನಮ್ಮ ಪೈಪಿನಲ್ಲಿ ಅಲ್ಲಿಗೆ ಅಷ್ಟು ಉಳಿಯುತ್ತದೆ. ಒಂದು ದಿನ ಟ್ಯಾಂಕಿನಲ್ಲಿ 0.5 ಇದ್ದೂ ಕೊನೆಯಲ್ಲಿ ಸೊನ್ನೆ ಬಂತು. ತೋಡು ದಾಟುವಲ್ಲಿ ಪೈಪ್ ಒಡೆದು ಹೊರಗಿನ ನೀರು ಒಳಗೆ ಎಳೆದುಕೊಳ್ಳುತ್ತಿತ್ತು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು.

ಮಳೆಗಾಲದ ನಾಲ್ಕು ತಿಂಗಳಿಗೆ ಪಟಿಕ, ಸುಣ್ಣ, ಬ್ಲೀಚಿಂಗ್, ಮಾತ್ರೆ ಎಲ್ಲ ಸೇರಿ ಒಂಬತ್ತು ಹತ್ತು ಸಾವಿರ ಆಗಿರಬೇಕು. ನಾಲ್ಕು ಲಕ್ಷ ಎಲ್ಲಿ, ಇದೆಲ್ಲಿ? ಆ ಕೊನೆಯ ಮನೆ ಸಮಿತಿಯ ಹಿರಿಯರದ್ದೇ. ನಾನು ಇಳಿದು ಹೋಗುವಷ್ಟರಲ್ಲಿ ಅವರೇ ಟ್ಯೂಬ್ ತುಂಬಿಸಿ, ಮಾತ್ರೆ ಹಾಕಿ, ಬೆಳಕಿಗೆ ಹಿಡಿದು ನಿಂತಿರುತ್ತಾರೆ. ಬಣ್ಣದ ಲೆಕ್ಕದಲ್ಲಿ ಮಾತ್ರ ನಮ್ಮಿಬ್ಬರಿಗೆ ದಿನಾ ಜಗಳ. ನಾನು 0.3 ಎನ್ನುತ್ತೇನೆ, ಅವರು 0.2 ಎನ್ನುತ್ತಾರೆ. ರಿಜಿಸ್ಟರಿನಲ್ಲಿ ಅವರದ್ದನ್ನೇ ಬರೆಯುತ್ತೇವೆ.