ಒಪ್ಪಿದ್ದಕ್ಕಿಂತ ಜಾಸ್ತಿ ಕೆಲಸ ಕೇಳಿದರೆ ಇಮೇಲ್ ಬರೆಯುವುದು ಹೇಗೆ?

ಸಕಲೇಶಪುರದ ಕಡೆಯ ಒಂದು ಹೋಂಸ್ಟೇಗೆ ನೀವು ವೆಬ್‌ಸೈಟ್ ಮಾಡಿಕೊಡುತ್ತಿದ್ದೀರಿ ಅಂದುಕೊಳ್ಳಿ. ಐದು ಪುಟ, ಒಂದು ವಿಚಾರಣೆ ಫಾರ್ಮ್, ಎರಡು ಸುತ್ತು ತಿದ್ದುಪಡಿ, ಒಟ್ಟು 40,000 ರೂಪಾಯಿ. ವಿನ್ಯಾಸಕ್ಕೆ ಒಪ್ಪಿಗೆಯೂ ಸಿಕ್ಕಿದೆ. ಅಷ್ಟರಲ್ಲಿ ಮಾಲೀಕರ ವಾಟ್ಸ್‌ಆ್ಯಪ್ ಬರುತ್ತದೆ: ‘ಒಂದು ಬುಕಿಂಗ್ ಬಟನ್ ಹಾಕಿಬಿಡಿ, ಜನ ಅಲ್ಲೇ ದುಡ್ಡು ಕಟ್ಟಲಿ.’

ಅವರ ಕಣ್ಣಿಗೆ ಅದು ಬರೀ ಒಂದು ಬಟನ್. ಹಿಂದೆ ಎಷ್ಟು ಕೆಲಸವಿದೆ ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದನ್ನು ತೋರಿಸಿಕೊಡುವುದೇ ಈ ಇಮೇಲ್‌ನ ಮುಖ್ಯ ಕೆಲಸ.

ಬರೆಯುವ ಮುಂಚೆ ನಿಮ್ಮ ಕೊಟೇಶನ್ ತೆಗೆದು ಓದಿ. ಅದರಲ್ಲಿ ‘ವಿಚಾರಣೆ ಫಾರ್ಮ್’ ಎಂದಿದ್ದರೆ ಸರಿ. ‘ಬುಕಿಂಗ್ ಸೌಲಭ್ಯ’ ಎಂದು ನೀವೇ ಬರೆದಿದ್ದರೆ ತಪ್ಪು ನಿಮ್ಮ ಕಡೆಯದು. ಆಗ ಪೂರ್ತಿ ದುಡ್ಡು ಕೇಳುವುದು ನ್ಯಾಯವಲ್ಲ, ಖರ್ಚು ಹಂಚಿಕೊಳ್ಳುವ ಮಾತಾಡಿ. ನೀವು ಮಾಡಿದ ಫಾರ್ಮ್ ಕೆಟ್ಟಿದ್ದರೆ ಅದನ್ನು ಸರಿಮಾಡುವುದಕ್ಕೂ ದುಡ್ಡು ಕೇಳುವಂತಿಲ್ಲ.

ಆಮೇಲೆ ಒಂದು ಫೋನ್ ಮಾಡಿ. ದುಡ್ಡಿನ ವಿಷಯ ದಿಢೀರ್ ಅಂತ ಇಮೇಲ್‌ನಲ್ಲಿ ಬಂದರೆ ಯಾರಿಗಾದರೂ ಬೇಜಾರಾಗುತ್ತದೆ ಅಲ್ವಾ? ‘ಮಾಡಬಹುದು ಸರ್, ಆದರೆ ಅದು ಬೇರೆ ಕೆಲಸ. ಲೆಕ್ಕ ಹಾಕಿ ಮೇಲ್ ಮಾಡುತ್ತೇನೆ’ ಎಂದರೆ ಸಾಕು. ಫೋನಿನಲ್ಲಿ ಮೊತ್ತ ಹೇಳಬೇಡಿ. ಬಾಯಲ್ಲಿ ಹೇಳಿದ ಅಂದಾಜೇ ಕೊನೆಗೆ ರೇಟ್ ಆಗಿಬಿಡುತ್ತದೆ.

ಇಮೇಲ್‌ನ ವಿಷಯದ ಸಾಲು: ‘ಆನ್‌ಲೈನ್ ಬುಕಿಂಗ್: ಹೆಚ್ಚುವರಿ ಕೆಲಸದ ಅಂದಾಜು’. ‘ಇದು ಒಪ್ಪಂದದಲ್ಲಿ ಇಲ್ಲ’ ಎಂದು ಶುರುಮಾಡಿದರೆ ಜಗಳದ ದನಿ ಬರುತ್ತದೆ. ‘ಕ್ಷಮಿಸಿ’ ಎಂದು ಶುರುಮಾಡಿದರೆ ನೀವೇ ಏನೋ ತಪ್ಪು ಮಾಡಿದಂತಿರುತ್ತದೆ. ಎರಡೂ ಬೇಡ. ಹೀಗೆ ಬರೆಯಬಹುದು:

‘ನಮಸ್ಕಾರ ಸರ್,

ನಿನ್ನೆ ಮಾತಾಡಿದಂತೆ ಬುಕಿಂಗ್ ವಿವರ ಕಳಿಸುತ್ತಿದ್ದೇನೆ. ನಮ್ಮ ಕೊಟೇಶನ್‌ನಲ್ಲಿ ಇರುವುದು ವಿಚಾರಣೆ ಫಾರ್ಮ್. ಅತಿಥಿ ಅದನ್ನು ತುಂಬಿದರೆ ನಿಮಗೊಂದು ಮೇಲ್ ಬರುತ್ತದೆ, ರೂಮ್ ಖಾಲಿ ಇದೆಯೇ ಎಂದು ನೋಡಿ ನೀವು ಉತ್ತರ ಕೊಡುತ್ತೀರಿ. ಆನ್‌ಲೈನ್ ಬುಕಿಂಗ್‌ನಲ್ಲಿ ಆ ಕೆಲಸವನ್ನು ವೆಬ್‌ಸೈಟೇ ಮಾಡಬೇಕು. ಒಂದೇ ರೂಮ್ ಒಂದೇ ದಿನ ಇಬ್ಬರಿಗೆ ಹೋಗಬಾರದು. ದುಡ್ಡು ಕಟ್ಟುವಾಗ ನೆಟ್‌ವರ್ಕ್ ಹೋದರೆ ಆ ರೂಮ್ ಸುಮ್ನೆ ಬ್ಲಾಕ್ ಆಗಿ ಉಳಿಯಬಾರದು.

ಇದಕ್ಕೆ ರೂಮ್ ಕ್ಯಾಲೆಂಡರ್ 10 ಗಂಟೆ, ಪೇಮೆಂಟ್ ಗೇಟ್‌ವೇ ಜೋಡಣೆ 6 ಗಂಟೆ, ಪರೀಕ್ಷೆ 4 ಗಂಟೆ ಬೇಕು. ಒಟ್ಟು 20 ಗಂಟೆ, ಗಂಟೆಗೆ 600ರಂತೆ 12,000 ರೂಪಾಯಿ. ಗೇಟ್‌ವೇ ಕಂಪನಿ ಪ್ರತಿ ಪಾವತಿಗೆ ಹಿಡಿಯುವ ಶುಲ್ಕ ಇದರಲ್ಲಿ ಸೇರಿಲ್ಲ. ವೆಬ್‌ಸೈಟ್ ಶುರುವಾಗುವ ದಿನ ಎಂಟು ದಿನ ಮುಂದಕ್ಕೆ ಹೋಗುತ್ತದೆ.

ಈಗ ಒಪ್ಪಿರುವಂತೆ ವೆಬ್‌ಸೈಟ್ ಶುರುಮಾಡಿ, ಬುಕಿಂಗ್ ಆಮೇಲೆ ಸೇರಿಸಬಹುದು. ಇಲ್ಲವೇ ಈಗಲೇ ಸೇರಿಸಬಹುದು. ಯಾವುದು ಬೇಕೆಂದು ಈ ಮೇಲ್‌ಗೆ ಉತ್ತರಿಸಿದರೆ ಮುಂದುವರಿಯುತ್ತೇನೆ.’

ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇ 18ರಂತೆ 2,160 ರೂಪಾಯಿಯನ್ನೂ ಇಲ್ಲೇ ಬರೆಯಿರಿ. ಬಿಲ್‌ನಲ್ಲಿ ಮೊದಲ ಸಲ ಕಂಡರೆ ತಕರಾರು ಖಂಡಿತ.

ಉತ್ತರ ಬರುವ ತನಕ ಕೆಲಸ ಮುಟ್ಟಬೇಡಿ. ‘ಈಗಲೇ ಸೇರಿಸಿ’ ಎಂಬ ಒಂದು ಸಾಲಿನ ಇಮೇಲ್ ಸಾಕು. ಇಮೇಲ್ ಮೂಲಕ ಆಯಿತು ಎಂಬ ಕಾರಣಕ್ಕೆ ಒಪ್ಪಂದವನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ. ಫೋನಿನಲ್ಲಿ ಒಪ್ಪಿದರೆ, ‘ನೀವು ಹೇಳಿದಂತೆ ಶುರುಮಾಡುತ್ತಿದ್ದೇನೆ’ ಎಂದು ಮೊತ್ತದ ಸಮೇತ ನೀವೇ ಮೇಲ್ ಹಾಕಿ.

ಸಣ್ಣ ಕೆಲಸ ಬಿಟ್ಟಿ ಮಾಡಿಕೊಡುವುದರಲ್ಲಿ ತಪ್ಪಿಲ್ಲ. ಆದರೆ ಅದೂ ಬರಹದಲ್ಲಿರಲಿ. ಒಮ್ಮೆ ನಾನು ಒಬ್ಬ ಗ್ರಾಹಕರಿಗೆ ಫೋಟೊ ಗ್ಯಾಲರಿಯನ್ನು ಮೂರು ಸಲ ಸುಮ್ನೆ ಬದಲಿಸಿಕೊಟ್ಟೆ. ನಾಲ್ಕನೆಯ ಸಲ ದುಡ್ಡು ಕೇಳಿದಾಗ ಅವರಿಗೆ ನಿಜವಾಗಿಯೂ ಅಚ್ಚರಿಯಾಯಿತು. ಮೊದಲ ಮೂರು ಸಲಕ್ಕೂ ಬೆಲೆ ಇತ್ತು ಎಂದು ನಾನು ಹೇಳಿರಲೇ ಇಲ್ಲ. ಈಗ ಬಿಲ್‌ನಲ್ಲೇ ಬರೆಯುತ್ತೇನೆ: ‘ಗ್ಯಾಲರಿ ಬದಲಾವಣೆ, 2 ಗಂಟೆ, 1,200 ರೂಪಾಯಿ, ಈ ಸಲ ಬಿಟ್ಟಿದೆ’.

‘ಸ್ವಲ್ಪ ಕಡಿಮೆ ಮಾಡಿ’ ಎಂಬ ಮಾತು ಬಂದೇ ಬರುತ್ತದೆ. ಗಂಟೆಯ ರೇಟ್ ಇಳಿಸಿದರೆ ಮೊದಲಿನ ಲೆಕ್ಕವೇ ಸುಳ್ಳಿನಂತೆ ಕಾಣುತ್ತದೆ. ಅದರ ಬದಲು ಕೆಲಸವನ್ನು ಕಡಿಮೆ ಮಾಡಿ. ಪೇಮೆಂಟ್ ಗೇಟ್‌ವೇ ಬಿಟ್ಟು ಕ್ಯಾಲೆಂಡರ್ ಮಾತ್ರ ಹಾಕಿದರೆ, ಪರೀಕ್ಷೆಯೂ 2 ಗಂಟೆಗೆ ಇಳಿದು, 12 ಗಂಟೆಗೆ 7,200 ರೂಪಾಯಿ ಆಗುತ್ತದೆ. ಅತಿಥಿಗಳು ರೂಮ್ ಖಾಲಿ ಇರುವ ದಿನ ನೋಡಿ ಫೋನ್ ಮಾಡುತ್ತಾರೆ, ಮುಂಗಡವನ್ನು ಯುಪಿಐನಲ್ಲಿ ಕಳಿಸುತ್ತಾರೆ. ನಾಲ್ಕೇ ರೂಮ್ ಇರುವ ಹೋಂಸ್ಟೇಗೆ ಬಹಳ ಸಲ ಇಷ್ಟೇ ಸಾಕಾಗುತ್ತದೆ.