ರಟ್ಟೆಯಲ್ಲಿ ಉಂಡೆ ಎದ್ದರೆ ನಾನು ಮೊದಲು ಭುಜ ನೋಡುತ್ತೇನೆ

ಕಾರವಾರದಲ್ಲಿ ಮೂಳೆ ಡಾಕ್ಟರ್ ಆಗಿರುವ ನನ್ನ ಹತ್ತಿರ ಬೈತಖೋಲ್ ಬಂದರಿನ ಕಡೆಯಿಂದ ಭುಜನೋವಿನವರು ತುಂಬ ಜನ ಬರುತ್ತಾರೆ. ಬಲೆ ಎಳೆಯುವ ಕೈ ಅದು, ಸವೆಯದೆ ಇರುತ್ತದೆಯೇ? ಅವರಲ್ಲಿ ಅರವತ್ತು ದಾಟಿದ ಒಬ್ಬ ಮೀನುಗಾರರ ಬಗ್ಗೆ ಬರೆಯುತ್ತೇನೆ.

ಹಗ್ಗ ಎಳೆಯುವಾಗ ಬಲಭುಜದಲ್ಲಿ ಟಕ್ ಅಂತ ಸದ್ದಾಯಿತಂತೆ. ಎರಡು ದಿನದಲ್ಲಿ ರಟ್ಟೆಯಿಂದ ಮೊಣಕೈವರೆಗೆ ನೀಲಿಗಟ್ಟಿತು. ಕೈ ಮಡಚಿದರೆ ರಟ್ಟೆಯ ಕೆಳಭಾಗದಲ್ಲಿ ನಿಂಬೆಹಣ್ಣಿನಷ್ಟು ಉಂಡೆ. "ಡಾಕ್ಟ್ರೇ, ಇದು ಗಡ್ಡೆ ಅಲ್ವಲ್ಲ?" ಎಂದು ಮಗ ಕೇಳಿದ. ಅಪ್ಪ ಹೇಳಿದ ಮಾತು ಬೇರೆಯೇ ಇತ್ತು: "ತಿಂಗಳುಗಟ್ಟಲೆ ಭುಜದ ಮುಂದೆ ನೋಯ್ತಿತ್ತು, ಈಗ ಆ ನೋವೇ ಇಲ್ಲ."

ಇದನ್ನು ಕೇಳಿದಾಗಲೇ ಅರ್ಧ ಗೊತ್ತಾಗಿತ್ತು. ರಟ್ಟೆಯ ಬೈಸೆಪ್ಸ್ ಸ್ನಾಯುವಿಗೆ ಭುಜದ ಕಡೆ ಎರಡು ತುದಿ. ಉದ್ದನೆಯ ತುದಿಯ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ತೋಳಿನ ಮೂಳೆಯ ಮುಂಭಾಗದ ತೋಡಿನಲ್ಲಿ ಹಾದು ಭುಜದ ಕೀಲಿನೊಳಗೆ ಹೋಗುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅದು ಊದುತ್ತದೆ, ನೋಯುತ್ತದೆ, ಕೊನೆಗೆ ಒಂದು ದಿನ ಹರಿಯುತ್ತದೆ. ಹರಿದ ಮೇಲೆ ಆ ಉಜ್ಜಾಟ ನಿಲ್ಲುವುದರಿಂದ ಹಳೆಯ ನೋವು ಎಷ್ಟೋ ಜನರಿಗೆ ಇಳಿಯುತ್ತದೆ. ಗಿಡ್ಡ ತುದಿ ಗಟ್ಟಿಯಾಗೇ ಇರುತ್ತದೆ. ಮೊಣಕೈ ಮಡಚುವ ಮುಖ್ಯ ಕೆಲಸ ಮಾಡುವ ಬ್ರೇಕಿಯಾಲಿಸ್ ಸ್ನಾಯುವಿಗೂ ಏನೂ ಆಗಿರುವುದಿಲ್ಲ. ಕೈ ಬಲ ಪೂರ್ತಿ ಹೋಗದಿರುವುದು ಇದಕ್ಕೇ.

ಎರಡೂ ಅಂಗೈ ತಲೆಯ ಮೇಲಿಟ್ಟು, ಬೆರಳು ಹೆಣೆದು, ರಟ್ಟೆ ಬಿಗಿ ಮಾಡಲು ಹೇಳಿದೆ. ಎಡಗಡೆ ತೋಡಿನಲ್ಲಿ ಟೆಂಡನ್ ಬಿಗಿಯುವುದು ನನ್ನ ಬೆರಳಿಗೆ ಸಿಕ್ಕಿತು, ಬಲಗಡೆ ಸಿಗಲಿಲ್ಲ. ಉಂಡೆ ಮೊಣಕೈ ಕಡೆ ಇಳಿದಿತ್ತು. ಅದು ಭುಜದ ಕಡೆ ಏರಿದ್ದರೆ ನಾನು ಗಾಬರಿಯಾಗುತ್ತಿದ್ದೆ, ಆಗ ಹರಿದಿರುವುದು ಮೊಣಕೈ ಕಡೆಯ ತುದಿ ಇರಬಹುದು. ಅದರ ದಾರಿಯೇ ಬೇರೆ, ಬಹಳ ಸಲ ಬೇಗ ಆಪರೇಷನ್ ಬೇಕಾಗುತ್ತದೆ. ಹಾಗಾಗಿ ಮೊಣಕೈ ಮಡಚಿಸಿ, ಅಂಗೈ ಮೇಲೆ ಮಾಡಿಸಿ, ಹೊರಬದಿಯಿಂದ ಬೆರಳನ್ನು ಕೊಕ್ಕೆಯಂತೆ ಹಾಕಿ ನೋಡಿದೆ. ಕೆಳಗಿನ ಟೆಂಡನ್ ಬಿಗಿಯಾಗಿ ಸಿಕ್ಕಿತು.

ಪರೀಕ್ಷೆ ಇಲ್ಲಿಗೇ ನಿಲ್ಲಿಸಬಾರದು. ಈ ವಯಸ್ಸಿನಲ್ಲಿ ಬೈಸೆಪ್ಸ್ ಟೆಂಡನ್ ಒಂದೇ ಹರಿಯುವುದಕ್ಕಿಂತ, ಪಕ್ಕದಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಗುಂಪಾದ ರೊಟೇಟರ್ ಕಫ್ ಕೂಡ ಸವೆದಿರುವುದೇ ಜಾಸ್ತಿ. ಉಂಡೆ ಕಣ್ಣಿಗೆ ಹೊಡೆಯುತ್ತದೆ, ಕಫ್ ಕಾಣುವುದಿಲ್ಲ. ಅಂಗೈಯನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ ಎಂದೆ, ಮೊಣಕೈ ಹಿಂದಕ್ಕೆ ಜಾರಲಿಲ್ಲ. ಅಂದರೆ ಕಫ್‌ನ ಮುಂದಿನ ಸ್ನಾಯುವಾದ ಸಬ್‌ಸ್ಕ್ಯಾಪುಲಾರಿಸ್ ಸರಿಯಿದೆ. ಆದರೆ ಕೈ ಪಕ್ಕಕ್ಕೆತ್ತಿ ಹಿಡಿದಾಗ ನಾನು ಕೆಳಕ್ಕೆ ಒತ್ತಿದರೆ ಬಲಗೈ ಬೇಗ ಸೋಲುತ್ತಿತ್ತು. ಅಲ್ಟ್ರಾಸೌಂಡ್‌ನಲ್ಲಿ ತೋಡು ಖಾಲಿ ಕಂಡಿತು, ಕಫ್‌ನ ಮೇಲಿನ ಸ್ನಾಯುವಾದ ಸುಪ್ರಾಸ್ಪೈನೇಟಸ್‌ನಲ್ಲಿ ಅರ್ಧಂಬರ್ಧ ಹರಿದ ಗಾಯವಿತ್ತು.

ಬೈಸೆಪ್ಸ್‌ಗೆ ಆಪರೇಷನ್ ಬೇಡ ಎಂದೆ. ಮಗನಿಗೆ ಸಮಾಧಾನವಾಗಲಿಲ್ಲ, ಹರಿದದ್ದನ್ನು ಹಾಗೇ ಬಿಡುವುದು ಹೇಗೆ ಎಂದ. ಕೂರಿಸಿ ಲೆಕ್ಕ ಹೇಳಿದೆ. ಹೋಗುವ ಬಲ ಮುಖ್ಯವಾಗಿ ಅಂಗೈ ಮೇಲೆ ತಿರುಗಿಸುವ ಬಲ, ಬಲಗೈಯಲ್ಲಿ ಸ್ಕ್ರೂ ಬಿಗಿಮಾಡುತ್ತೇವಲ್ಲ, ಆ ಕೆಲಸದ್ದು. ಅದರಲ್ಲಿ ಸುಮಾರು ಶೇಕಡ 10ರಿಂದ 20 ಕಡಿಮೆಯಾಗಬಹುದು. ಮಡಚುವ ಬಲ ಅದಕ್ಕಿಂತಲೂ ಕಡಿಮೆ ಹೋಗುತ್ತದೆ. ಉಂಡೆ ಮಾತ್ರ ಉಳಿಯುತ್ತದೆ. ಕೆಲವು ದಿನ ಕೈಗೆ ಜೋಲಿ, ಆಮೇಲೆ ಭುಜ ಬಿಗಿಯಾಗದಂತೆ ಆಡಿಸುವುದು, ನಂತರ ಕಫ್‌ಗೆ ರಬ್ಬರ್ ಬ್ಯಾಂಡಿನ ವ್ಯಾಯಾಮ. ಆರು ವಾರ ಭಾರ ಎತ್ತುವಂತಿಲ್ಲ, ಹಗ್ಗ ಎಳೆಯುವಂತಿಲ್ಲ. ಮೂರು ತಿಂಗಳಿಗೆ ಅವರು ದೋಣಿಗೆ ಮರಳಿದರು. ಜಾಸ್ತಿ ಹೊತ್ತು ಹಗ್ಗ ತಿರುಚಿದರೆ ರಟ್ಟೆ ಹಿಡಿದುಕೊಳ್ಳುತ್ತದೆ, ಅಷ್ಟೇ.

ಶಿರಸಿ ಕಡೆಯ ಮೂವತ್ತೈದರ ಬಡಗಿಯೊಬ್ಬರಿಗೆ ಇದೇ ಗಾಯವಾದಾಗ ನಾನೇ ಆಪರೇಷನ್ ಸೂಚಿಸಿದೆ. ದಿನವಿಡೀ ಕೈ ತಿರುಗಿಸುವ ಕೆಲಸ, ಎರಡನೇ ವಾರದಲ್ಲೇ ಬಂದಿದ್ದರು. ಆ ಆಪರೇಷನ್ ಹೆಸರು ಟೆನೋಡೆಸಿಸ್, ಎಂದರೆ ಹರಿದ ತುದಿಯನ್ನು ಹುಡುಕಿ, ಕೀಲಿನೊಳಗೆ ಅಲ್ಲ, ತೋಳಿನ ಮೂಳೆಗೇ ಸ್ಕ್ರೂ ಅಥವಾ ಆ್ಯಂಕರ್‌ನಿಂದ ಕಟ್ಟುವುದು. ಆಮೇಲೂ ಸುಮಾರು ಆರು ವಾರ ಮೊಣಕೈ ಮಡಚಿ ಭಾರ ಎತ್ತುವಂತಿಲ್ಲ, ಗಟ್ಟಿ ಕೆಲಸಕ್ಕೆ ಮೂರು–ನಾಲ್ಕು ತಿಂಗಳು ಕಾಯಬೇಕು. ಸೋಂಕು, ನರಕ್ಕೆ ಪೆಟ್ಟು, ಕಟ್ಟಿದ್ದು ಬಿಚ್ಚಿಕೊಳ್ಳುವುದು, ಭುಜ ಬಿಗಿಯಾಗುವುದು, ಇವೆಲ್ಲ ಸಾಧ್ಯ ಎಂದು ಮೊದಲೇ ಹೇಳಿದ್ದೆ.

ಯೋಚಿಸಿ ನಿರ್ಧರಿಸಲು ಮೊದಲ ಮೂರು–ನಾಲ್ಕು ವಾರ ಒಳ್ಳೆಯ ಸಮಯ. ತಿಂಗಳುಗಳು ಕಳೆದರೆ ತುದಿ ಕುಗ್ಗಿ ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ರಟ್ಟೆ ಹಿಡಿದುಕೊಳ್ಳುವ ನೋವು ತೀರಾ ಕಾಡಿದರೆ ಆಮೇಲೂ ಕಟ್ಟಬಹುದು, ಆದರೆ ಕೆಲಸ ಕಷ್ಟವಾಗುತ್ತದೆ, ರಟ್ಟೆಯ ಆಕಾರ ಮೊದಲಿನಂತಾಗುವ ಭರವಸೆ ಕಡಿಮೆ.